ಲಾಜಿಸ್ಟಿಕ್ಸ್ ಕೆಲಸಕ್ಕೆ ಬಂದ ರೆಸ್ಯೂಮೆ ತೂಗುವುದು ಹೇಗೆ? ಸ್ಟಾಕ್ ಸಾಫ್ಟ್‌ವೇರ್, ವೆಂಡರ್, ಉಳಿತಾಯ: ಮೂರನ್ನೂ ಬಿಡಿಸಿ ನೋಡುವ ಕ್ರಮ

"ರೆಸ್ಯೂಮೆಯಲ್ಲಿ ಎಲ್ಲಾ ಇತ್ತು ಕಣ್ರೀ. ಕೆಲಸಕ್ಕೆ ಬಂದ ಮೇಲೆ ನೋಡಿದ್ರೆ ಏನೂ ಇಲ್ಲ." ದಾವಣಗೆರೆಯ ಗೋಡೌನ್ ಮಾಲೀಕರಿಂದ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನಾನೂ ಇದೇ ತಪ್ಪು ಮಾಡಿದವನು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಜಾಹೀರಾತಿನಲ್ಲಿದ್ದ ಪದಗಳು ಯಾವ ರೆಸ್ಯೂಮೆಯಲ್ಲಿ ಜಾಸ್ತಿ ಸಿಕ್ಕಿದವೋ ಅವನನ್ನೇ ಆರಿಸಿದ್ದೆ. ಮೂರನೇ ತಿಂಗಳಿಗೆ ಪುಸ್ತಕದ ಸ್ಟಾಕ್ ಒಂದು, ಗೋಡೌನಿನ ಸ್ಟಾಕ್ ಇನ್ನೊಂದು ಆಗಿತ್ತು.

ಅದಾದ ಮೇಲೆ ಪದ ಎಣಿಸುವುದನ್ನು ಬಿಟ್ಟೆ. ಈಗ ನಾನು ಅನುಸರಿಸುವ ಕ್ರಮವನ್ನು ಇತ್ತೀಚೆಗೆ ನೋಡಿದ ಎರಡು ರೆಸ್ಯೂಮೆಗಳನ್ನು ಇಟ್ಟುಕೊಂಡೇ ಹೇಳುತ್ತೇನೆ. ಯಾರ ಗುರುತೂ ಸಿಗದಂತೆ ಊರು, ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಕೆಲಸ ಹುಡುಕುತ್ತಿರುವವರೂ ಇದನ್ನು ಓದಬಹುದು. ಎದುರಿಗೆ ಕೂತವನು ಎಲ್ಲಿ ನೋಡುತ್ತಾನೆ ಅಂತ ಗೊತ್ತಾಗುತ್ತದೆ.

## ಮೊದಲು ಕೈಗೆ ಬೇಕಾದವು

ರೆಸ್ಯೂಮೆ ಮತ್ತು ಜಾಹೀರಾತು ಎರಡರ ಪ್ರಿಂಟ್ ತೆಗೆಸಿ. ಮೊಬೈಲಿನಲ್ಲಿ ಓದಿದರೆ ಕಣ್ಣು ದಪ್ಪ ಅಕ್ಷರದ ಮೇಲೆ ಜಾರಿ ಹೋಗುತ್ತದೆ. ಒಂದು ಪೆನ್ಸಿಲ್, ಒಂದು ಪೆನ್ನು, ಕ್ಯಾಲ್ಕುಲೇಟರ್ ಇರಲಿ. ಪೆನ್ಸಿಲ್ ಯಾಕೆ ಬೇಕು ಅನ್ನುವುದು ಆರನೇ ಹಂತದಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಈಗ ಆ ಕೆಲಸ ಮಾಡುತ್ತಿರುವವರ ಹತ್ತಿರ, ಇಲ್ಲವೇ ಗೋಡೌನ್ ಮೇಸ್ತ್ರಿಯ ಹತ್ತಿರ ಹದಿನೈದು ನಿಮಿಷ ಕೂತು ಮಾತಾಡಿ. ಇದನ್ನು ಬಿಟ್ಟವರು ಮೊದಲನೇ ಹಂತದಲ್ಲೇ ಎಡವುತ್ತಾರೆ.

## ಹಂತ 1: ಜಾಹೀರಾತನ್ನು ಕೆಲಸವಾಗಿ ಬಿಡಿಸಿ

ನಮ್ಮ ಜಾಹೀರಾತು ಹೀಗಿತ್ತು. ದಾವಣಗೆರೆಯ ಗೋಡೌನಿಗೆ ಲಾಜಿಸ್ಟಿಕ್ಸ್ ಎಕ್ಸಿಕ್ಯೂಟಿವ್ ಬೇಕು. ಮೂರು ವರ್ಷದ ಅನುಭವ, ಸ್ಟಾಕ್ ಸಾಫ್ಟ್‌ವೇರ್ ಗೊತ್ತಿರಬೇಕು, ವೆಂಡರ್‌ಗಳನ್ನು ನಿಭಾಯಿಸಿರಬೇಕು, ಖರ್ಚು ಉಳಿಸಿದ್ದಕ್ಕೆ ಪುರಾವೆ ಇರಬೇಕು.

ಸಾಫ್ಟ್‌ವೇರ್, ವೆಂಡರ್, ಉಳಿತಾಯ ಈ ಮೂರೂ ಬರೀ ಹೆಸರುಗಳು. ಹೆಸರಿಗೆ ಹೆಸರು ಹೊಂದಿಸುತ್ತಾ ಹೋದರೆ ಎಲ್ಲರೂ ಪಾಸಾಗುತ್ತಾರೆ. ಹಾಗಾಗಿ ಒಂದೊಂದರ ಪಕ್ಕದಲ್ಲಿ "ಸೋಮವಾರ ಬೆಳಿಗ್ಗೆ ಈ ಮನುಷ್ಯ ಏನು ಮಾಡಬೇಕು?" ಅಂತ ಬರೆಯಿರಿ. ಮೇಸ್ತ್ರಿ ಹತ್ತಿರ ಕೇಳಿದಾಗ ನಮಗೆ ಸಿಕ್ಕ ಉತ್ತರ ಇದು.

ಸಾಫ್ಟ್‌ವೇರ್ ಅಂದರೆ ಬಂದ ಮಾಲು, ಹೋದ ಮಾಲು, ಒಂದು ಗೋಡೌನಿನಿಂದ ಇನ್ನೊಂದಕ್ಕೆ ದಾಟಿಸಿದ ಮಾಲು, ಇವನ್ನು ಅದೇ ದಿನ ಎಂಟ್ರಿ ಮಾಡುವುದು. ವಾರಕ್ಕೊಮ್ಮೆ ಎಣಿಸಿ ವ್ಯತ್ಯಾಸ ಹಿಡಿಯುವುದು. ವೆಂಡರ್ ಅಂದರೆ ಇಲ್ಲಿ ಮುಖ್ಯವಾಗಿ ಟ್ರಾನ್ಸ್‌ಪೋರ್ಟ್‌ನವರು, ಆಮೇಲೆ ಚೀಲ ಮತ್ತು ಪ್ಯಾಕಿಂಗ್ ಸಾಮಾನು ಕೊಡುವವರು. ಉಳಿತಾಯ ಅಂದರೆ ಲಾರಿ ಬಾಡಿಗೆ ಮತ್ತು ಲಾರಿ ಕಾದು ನಿಂತದ್ದಕ್ಕೆ ಕೊಡುವ ಹಾಲ್ಟಿಂಗ್ ಖರ್ಚು.

ಈಗಲೇ ಇನ್ನೊಂದು ಕೆಲಸ ಮಾಡಿ. ಯಾವುದು ಇಲ್ಲದಿದ್ದರೆ ನಡೆಯುವುದೇ ಇಲ್ಲ ಅನ್ನುವುದನ್ನು ರೆಸ್ಯೂಮೆ ತೆರೆಯುವ ಮುಂಚೆಯೇ ಬರೆದಿಡಿ. ನಮ್ಮಲ್ಲಿ ಸ್ಟಾಕ್ ನೋಡುತ್ತಿದ್ದವರೇ ಕೆಲಸ ಬಿಟ್ಟಿದ್ದರು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಮೂರು ಅಂಕಕ್ಕೆ ಎರಡಾದರೂ ಬರಬೇಕು, ವೆಂಡರ್ ಕೆಲಸದಲ್ಲಿ ಒಂದಾದರೂ ಬರಬೇಕು ಅಂತ ಗೆರೆ ಹಾಕಿದೆವು. ಉಳಿತಾಯಕ್ಕೆ ಗೆರೆ ಹಾಕಲಿಲ್ಲ. ಮೂರು ವರ್ಷದ ಅನುಭವದವರಿಗೆ ಉಳಿಸುವ ಅಧಿಕಾರವನ್ನೇ ಕೊಡದ ಕಂಪನಿಗಳು ಬೇಕಾದಷ್ಟಿವೆ.

ರೆಸ್ಯೂಮೆ ನೋಡಿದ ಮೇಲೆ ಗೆರೆ ಹಾಕಿದರೆ ಏನಾಗುತ್ತದೆ ಗೊತ್ತಾ? ಇಷ್ಟವಾದ ಮನುಷ್ಯನ ಅಳತೆಗೆ ಗೆರೆ ಬಗ್ಗುತ್ತದೆ.

## ಹಂತ 2: ರೆಸ್ಯೂಮೆಯನ್ನು ಕೆಳಗಿನಿಂದ ಓದಿ

ಮೇಲಿನ ಪರಿಚಯದ ಪ್ಯಾರಾ, ಕೌಶಲಗಳ ಪಟ್ಟಿ ಎರಡನ್ನೂ ಸದ್ಯಕ್ಕೆ ಕೈಯಿಂದ ಮುಚ್ಚಿ. ನೇರವಾಗಿ ಕೆಲಸದ ಅನುಭವಕ್ಕೆ ಹೋಗಿ. ಪ್ರತಿ ಸಾಲಿನಲ್ಲಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಎಣಿಸಿದೆ, ಬುಕ್ ಮಾಡಿದೆ, ಬಿಲ್ ತಾಳೆ ನೋಡಿದೆ ಅನ್ನುವುದು ಒಂದು ಜಾತಿ. ಸಹಕರಿಸಿದೆ, ಪಾಲ್ಗೊಂಡೆ, ಖಾತ್ರಿಪಡಿಸಿದೆ ಅನ್ನುವುದು ಇನ್ನೊಂದು ಜಾತಿ. ಎರಡನೇ ಜಾತಿ ಸುಳ್ಳು ಅಂತಲ್ಲ. ಆದರೆ ಆ ಕೆಲಸ ಯಾರ ಕೈಯಲ್ಲಿತ್ತು ಅಂತ ಅದರಿಂದ ಗೊತ್ತಾಗುವುದಿಲ್ಲ.

ನಮ್ಮ ಎರಡು ರೆಸ್ಯೂಮೆಗಳ ವಿಷಯಕ್ಕೆ ಬರೋಣ. ಮೊದಲನೆಯದು ಹಿರಿಯೂರಿನ ಹುಡುಗನದ್ದು. ನಾಲ್ಕು ವರ್ಷ ಒಂದು ದೊಡ್ಡ ಕಂಪನಿಯ ಸಾಗಣೆ ವಿಭಾಗದಲ್ಲಿದ್ದ. ಎರಡು ಪುಟ, ಅಚ್ಚುಕಟ್ಟು. "ಸಪ್ಲೈ ಚೈನ್ ವೃತ್ತಿಪರ" ಅಂತ ತಲೆಬರಹ, ಐದು ಸಾಫ್ಟ್‌ವೇರ್‌ಗಳ ಹೆಸರು, "40 ವೆಂಡರ್‌ಗಳ ನಿರ್ವಹಣೆ", "ಸಾಗಣೆ ವೆಚ್ಚದಲ್ಲಿ 18% ಇಳಿಕೆ".

ಎರಡನೆಯದು ಚಳ್ಳಕೆರೆಯ ಹೆಣ್ಣುಮಗಳದ್ದು. ಒಂದು ಎಣ್ಣೆ ಮಿಲ್ಲಿನಲ್ಲಿ ಐದು ವರ್ಷ ಸ್ಟೋರ್ಸ್ ಅಸಿಸ್ಟೆಂಟ್. ಒಂದೇ ಪುಟ. ಸಪ್ಲೈ ಚೈನ್ ಅನ್ನುವ ಪದ ಎಲ್ಲೂ ಇಲ್ಲ. ಒಂದು ಸಾಲು ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. "ಪ್ರತಿ ಶನಿವಾರ ಟಿನ್ ಮತ್ತು ಕ್ಯಾಪ್ ಎಣಿಕೆ, ಟ್ಯಾಲಿ ಜೊತೆ ತಾಳೆ, ವ್ಯತ್ಯಾಸದ ಪಟ್ಟಿ ಮಾಲೀಕರಿಗೆ."

ಪದ ಹೊಂದಿಸುವವರ ಕೈಯಲ್ಲಿ ಈ ರೆಸ್ಯೂಮೆ ಮೊದಲ ಸುತ್ತಿನಲ್ಲೇ ಕಸದ ಬುಟ್ಟಿಗೆ ಹೋಗುತ್ತಿತ್ತು.

## ಹಂತ 3: ಸಾಫ್ಟ್‌ವೇರ್ ಗೊತ್ತಾ, ನೋಡಿದ್ದಾರಾ?

ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ. ಸಾಫ್ಟ್‌ವೇರಿನ ಹೆಸರು ಇದೆ ಅಂದರೆ ಅದರಲ್ಲಿ ಸ್ಟಾಕ್ ಕೆಲಸ ಬರುತ್ತದೆ ಅಂದುಕೊಳ್ಳುವುದು. ನಮ್ಮ ಕಡೆ ಟ್ಯಾಲಿ ಗೊತ್ತು ಅನ್ನುವವರಲ್ಲಿ ತುಂಬಾ ಜನ ಖರೀದಿ, ಮಾರಾಟ, ಪಾವತಿ ವೋಚರ್ ಹಾಕಿದವರು. ಅದು ಲೆಕ್ಕದ ಕೆಲಸ. ಗೋಡೌನ್‌ವಾರು ಸ್ಟಾಕ್ ಇಡುವುದು ಬೇರೆಯೇ ಕೆಲಸ.

ಬೇರ್ಪಡಿಸಲು ಒಂದು ಪ್ರಶ್ನೆ ಸಾಕು. "ಒಂದು ಗೋಡೌನಿನಿಂದ ಇನ್ನೊಂದಕ್ಕೆ 50 ಚೀಲ ಕಳಿಸಿದ್ರೆ ಟ್ಯಾಲಿಯಲ್ಲಿ ಹೇಗೆ ತೋರಿಸ್ತೀರಿ?" ಮಾರಾಟ ಆಗಿಲ್ಲ, ಖರೀದಿಯೂ ಆಗಿಲ್ಲ, ಮಾಲು ಜಾಗ ಬದಲಿಸಿದೆ ಅಷ್ಟೇ. ಕೆಲಸ ಮಾಡಿದವರು Stock Journal ಅನ್ನುತ್ತಾರೆ. ಹೆಸರು ಮರೆತಿದ್ದರೆ "Alt+F7 ಒತ್ತಿ ಒಂದು ಕಡೆ ಕಳೆದು ಇನ್ನೊಂದು ಕಡೆ ಸೇರಿಸೋದು" ಅಂತಾದರೂ ಹೇಳುತ್ತಾರೆ. ಮಾಡದವರು ಒಂದು ಸೇಲ್ಸ್ ಬಿಲ್ ಹಾಕಿ ಒಂದು ಪರ್ಚೇಸ್ ಹಾಕ್ತೀವಿ ಅನ್ನುತ್ತಾರೆ. ಅಲ್ಲಿಗೆ ಗೊತ್ತಾಯಿತು.

ರೆಸ್ಯೂಮೆಯಲ್ಲಿ ದೊಡ್ಡ ಕಂಪನಿಗಳು ಬಳಸುವ ಸ್ಯಾಪ್ ಸಾಫ್ಟ್‌ವೇರ್ ಇದ್ದರೆ ಇದೇ ರೀತಿ ಎರಡು ಮಟ್ಟ ಇವೆ. ಸ್ಟಾಕ್ ಎಷ್ಟಿದೆ ಅಂತ ನೋಡುವುದು ಒಂದು. ಅದಕ್ಕೆ MB52 ಅಥವಾ MMBE ತೆರೆಯುತ್ತಾರೆ. ಸ್ಟಾಕ್ ಬದಲಿಸುವುದು ಇನ್ನೊಂದು. ಮಾಲು ಬಂದಾಗ MIGO ದಲ್ಲಿ ಎಂಟ್ರಿ. ಎಣಿಕೆ ಮಾಡುವಾಗ MI01 ರಲ್ಲಿ ಎಣಿಕೆ ಪತ್ರ ತಯಾರಿಸಿ, MI04 ರಲ್ಲಿ ಎಣಿಸಿದ್ದನ್ನು ಹಾಕಿ, MI07 ರಲ್ಲಿ ವ್ಯತ್ಯಾಸವನ್ನು ಪುಸ್ತಕಕ್ಕೆ ಏರಿಸುತ್ತಾರೆ. ಈ ಕೋಡುಗಳನ್ನು ನೀವು ಬಾಯಿಪಾಠ ಮಾಡಬೇಕಿಲ್ಲ. "ಎಣಿಕೆ ಮುಗಿದ ಮೇಲೆ ಏನೇನು ಮಾಡ್ತಿದ್ರಿ?" ಅಂತ ಕೇಳಿ ಸುಮ್ನೆ ಕೂತರೆ ಸಾಕು.

ಇಲ್ಲಿ ಒಂದು ಸೂಕ್ಷ್ಮ ಇದೆ. "ಎಣಿಸಿದ್ದನ್ನು ನಾನು ಹಾಕ್ತಿದ್ದೆ, ವ್ಯತ್ಯಾಸ ಏರಿಸೋ ಅಧಿಕಾರ ಮ್ಯಾನೇಜರ್ ಹತ್ರ ಇತ್ತು" ಅಂತ ಉತ್ತರ ಬಂದರೆ ಅಂಕ ಕಳೆಯಬೇಡಿ. ಎಣಿಸುವವನೇ ವ್ಯತ್ಯಾಸ ಅಳಿಸುವಂತಿದ್ದರೆ ಕಳ್ಳತನ ಮುಚ್ಚಿಹೋಗುತ್ತದೆ. ಅದಕ್ಕೇ ನೆಟ್ಟಗಿರುವ ಕಂಪನಿಗಳು ಎರಡನ್ನೂ ಒಬ್ಬರಿಗೇ ಕೊಡುವುದಿಲ್ಲ. ಎಲ್ಲವನ್ನೂ ನಾನೇ ಮಾಡ್ತಿದ್ದೆ ಅನ್ನುವವರಿಗಿಂತ ತನ್ನ ಮಿತಿ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಎಚ್ಚರಿಕೆಯ ಗುರುತು: ಐದಾರು ಸಾಫ್ಟ್‌ವೇರ್ ಹೆಸರು ಒಂದೇ ಸಾಲಿನಲ್ಲಿದ್ದು, ಕೆಳಗಿನ ಅನುಭವದಲ್ಲಿ ಒಂದರ ಹೆಸರೂ ಮತ್ತೆ ಬಾರದಿರುವುದು. ಹಿರಿಯೂರಿನ ಹುಡುಗನದ್ದು ಹೀಗೇ ಇತ್ತು. ಕೇಳಿದಾಗ ಪ್ರಾಮಾಣಿಕವಾಗಿ ಹೇಳಿದ: "ಸರ್, ಗಾಡಿ ಬುಕ್ ಮಾಡೋ ಮುಂಚೆ ಮಾಲು ಇದೆಯಾ ಅಂತ MB52 ನೋಡ್ತಿದ್ದೆ. ಎಂಟ್ರಿ ಎಲ್ಲಾ ಸ್ಟೋರ್ಸ್‌ನವರದ್ದು."

ಚಳ್ಳಕೆರೆಯವರಿಗೆ ಶನಿವಾರದ ಎಣಿಕೆಯಲ್ಲಿ ವ್ಯತ್ಯಾಸ ಬಂದರೆ ಏನು ಮಾಡ್ತಿದ್ರಿ ಅಂತ ಕೇಳಿದೆ. "ಮೊದಲು ಆ ವಾರದ ಚಲನ್ ತೆಗೀತೀನಿ ಸರ್. ಸುಮಾರು ಸಲ ಒಡೆದ ಟಿನ್ ವಾಪಸ್ ಹೋಗಿರುತ್ತೆ, ಎಂಟ್ರಿ ಆಗಿರಲ್ಲ. ಅದೂ ಅಲ್ಲ ಅಂದ್ರೆ ಡಜನ್ನಿನ ಲೆಕ್ಕಕ್ಕೂ ಬಿಡಿ ಲೆಕ್ಕಕ್ಕೂ ಅದಲುಬದಲಾಗಿರುತ್ತೆ." ವ್ಯತ್ಯಾಸ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತಿರುವವರು ಮಾತ್ರ ಈ ಮಾತು ಹೇಳಲು ಸಾಧ್ಯ.

## ಹಂತ 4: ವೆಂಡರ್ ಕೆಲಸವನ್ನು ಮೂರು ತುಂಡು ಮಾಡಿ

"40 ವೆಂಡರ್‌ಗಳ ನಿರ್ವಹಣೆ" ಅನ್ನುವುದರಲ್ಲಿ ಏನೂ ತಿಳಿಯುವುದಿಲ್ಲ. ಸಾಫ್ಟ್‌ವೇರಿನ ಪಟ್ಟಿಯಲ್ಲಿ 40 ಹೆಸರಿದ್ದರೂ ಅಷ್ಟೇ, 40 ಜನರಿಗೆ ಫೋನ್ ಮಾಡಿದರೂ ಅಷ್ಟೇ. ಟ್ರಾನ್ಸ್‌ಪೋರ್ಟ್‌ನವರ ಜೊತೆಗಿನ ಕೆಲಸದಲ್ಲಿ ಮೂರು ಭಾಗ ಇವೆ: ಬಾಡಿಗೆ ಗೊತ್ತು ಮಾಡುವುದು, ಹೇಳಿದ ಹೊತ್ತಿಗೆ ಗಾಡಿ ಹಾಕಿಸುವುದು, ಬಿಲ್ ತಾಳೆ ನೋಡಿ ಪಾಸ್ ಮಾಡುವುದು. ಅಭ್ಯರ್ಥಿ ಯಾವ ಭಾಗದಲ್ಲಿದ್ದರು ಅಂತ ರೆಸ್ಯೂಮೆಯಲ್ಲಿ ಹುಡುಕಿ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ಬಾಡಿಗೆ ಭಾಗದಲ್ಲಿ ಇದ್ದವರು ನಮ್ಮ ಕಡೆಯವರಾದರೆ ಮೆಕ್ಕೆಜೋಳದ ಸುಗ್ಗಿಯ ಮಾತು ತಾವಾಗಿಯೇ ತೆಗೆಯುತ್ತಾರೆ. ಮಾರ್ಕೆಟ್ ಯಾರ್ಡಿಗೆ ಜೋಳ ಬರುವ ದಿನಗಳಲ್ಲಿ ಗಾಡಿಗೆ ಪೈಪೋಟಿ ಇರುತ್ತದೆ. ಆಗ ಯಾರು ಗಾಡಿ ಕೊಟ್ಟರು, ಯಾರು ಕೈ ಕೊಟ್ಟರು ಅನ್ನುವುದೇ ಈ ಕೆಲಸದ ನಿಜವಾದ ಪರೀಕ್ಷೆ. "ಸುಗ್ಗಿಯಲ್ಲಿ ಬಾಡಿಗೆ ಹೇಗೆ ನಿಲ್ಲಿಸಿದ್ರಿ?" ಅಂತ ಕೇಳಿದರೆ ಉತ್ತರ ಬರಬೇಕು. "ವರ್ಷದ ಒಪ್ಪಂದ ಇತ್ತು, ಆದರೂ ಗಾಡಿ ಬರ್ತಿರಲಿಲ್ಲ, ಹೊರಗಿನಿಂದ ಹಿಡಿದ ಗಾಡಿಗೆ ಜಾಸ್ತಿ ಕೊಟ್ಟಿದ್ದನ್ನ ಅವರ ಬಿಲ್ಲಿನಲ್ಲಿ ಮುರಿದ್ವಿ" ಅನ್ನುವಂಥ ಕಥೆ ಬಂದರೆ ಆ ಮನುಷ್ಯ ಅಲ್ಲಿದ್ದ ಅಂತ ಅರ್ಥ.

ಗಾಡಿ ಹಾಕಿಸುವ ಭಾಗಕ್ಕೆ ನಾನು ಯಾವಾಗಲೂ ಒಂದೇ ಸನ್ನಿವೇಶ ಕೊಡುತ್ತೇನೆ. ದಾವಣಗೆರೆಯಿಂದ ಬೆಂಗಳೂರಿಗೆ ಮಾಲು ಹೊರಟಿದೆ. ರಾತ್ರಿ ಶಿರಾ ಹತ್ತಿರ ಗಾಡಿ ಕೆಟ್ಟು ನಿಂತಿದೆ. ಏನು ಮಾಡ್ತೀರಿ?

ಕೆಲಸ ಗೊತ್ತಿಲ್ಲದವರು "ಟ್ರಾನ್ಸ್‌ಪೋರ್ಟರ್‌ಗೆ ಫೋನ್ ಮಾಡಿ ಫಾಲೋಅಪ್ ಮಾಡ್ತೀನಿ" ಅನ್ನುತ್ತಾರೆ. ಗೊತ್ತಿರುವವರಿಗೆ ಮೊದಲು ನೆನಪಾಗುವುದು ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಜಿಎಸ್‌ಟಿ ಪತ್ರ. 50,000 ರೂಪಾಯಿ ದಾಟಿದ ಮಾಲಿಗೆ ಸಾಮಾನ್ಯವಾಗಿ ಅದು ಬೇಕು. 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅವಧಿ ಸಿಗುತ್ತದೆ. ಬೆಂಗಳೂರು ಸುಮಾರು 260 ಕಿ.ಮೀ. ಆದ್ದರಿಂದ ಎರಡು ದಿನ. ಮಾಲು ಬೇರೆ ಗಾಡಿಗೆ ಹಾಕಿದರೆ ಹೊಸ ಗಾಡಿಯ ನಂಬರನ್ನು Part-B ಯಲ್ಲಿ ಬದಲಿಸಬೇಕು. ಅವಧಿ ಮೀರುವಂತಿದ್ದರೆ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬೇಕು. ಇಷ್ಟು ಮಾಡದೆ ಗಾಡಿ ಹೊರಟರೆ, ದಾರಿಯಲ್ಲಿ ತಪಾಸಣೆ ಆದಾಗ ಮಾಲು ಅಲ್ಲೇ ನಿಲ್ಲುತ್ತದೆ. ಆಮೇಲೆ ಮಾಲು ದಾಟಿಸಿದ ಹಮಾಲಿ ಖರ್ಚು ಯಾರ ಮೇಲೆ, ಒಡೆದಿದ್ದರೆ ಟ್ರಾನ್ಸ್‌ಪೋರ್ಟ್‌ನವರ ರಸೀದಿಯಾದ ಎಲ್‌ಆರ್ ಮೇಲೆ ಬರೆಸಿಕೊಂಡರಾ, ಪಾರ್ಟಿಗೆ ಯಾವಾಗ ತಿಳಿಸಿದರು ಅನ್ನುವುದೆಲ್ಲ ಬರುತ್ತದೆ.

ಹಿರಿಯೂರಿನ ಹುಡುಗ ಇದಕ್ಕೆ ನಾನು ಕೇಳಿದ್ದಕ್ಕಿಂತ ಜಾಸ್ತಿ ಹೇಳಿದ. ಅವನಿಗೇ ಹಾಗೆ ಎರಡು ಸಲ ಆಗಿತ್ತಂತೆ. ವೆಂಡರ್ ಕೆಲಸದಲ್ಲಿ ಅವನ ಕೈ ಪಳಗಿದೆ ಅನ್ನುವುದು ರೆಸ್ಯೂಮೆಯ 40 ಅನ್ನುವ ಅಂಕಿಯಿಂದ ತಿಳಿಯಲಿಲ್ಲ, ಶಿರಾ ಕಥೆಯಿಂದ ತಿಳಿಯಿತು.

ಚಳ್ಳಕೆರೆಯವರಿಗೆ ಲಾರಿ ಕೆಲಸ ಗೊತ್ತಿಲ್ಲ. ಆದರೆ ಟಿನ್ ಮತ್ತು ರಟ್ಟಿನ ಡಬ್ಬ ಕೊಡುವವರ ಬಿಲ್ಲುಗಳನ್ನು ಆರ್ಡರ್ ಮತ್ತು ಚಲನ್ ಎರಡರ ಜೊತೆ ತಾಳೆ ನೋಡಿ ಪಾಸ್ ಮಾಡುತ್ತಿದ್ದರು. ಮೂರು ತುಂಡಿನಲ್ಲಿ ಒಂದು ತುಂಡು ಗಟ್ಟಿ. ಬೇರೆ ಮಾಲಿನ ವೆಂಡರ್ ಅನ್ನುವ ಕಾರಣಕ್ಕೆ ಸೊನ್ನೆ ಹಾಕುವುದು ತಪ್ಪು.

## ಹಂತ 5: ಉಳಿತಾಯದ ಅಂಕಿಯನ್ನು ಬಿಚ್ಚಿ ನೋಡಿ

ಎಲ್ಲರೂ ಬಲೆಗೆ ಬೀಳುವುದು ಇಲ್ಲೇ. "18% ಇಳಿಕೆ" ಅನ್ನುವುದು ನೋಡಲು ಪುರಾವೆಯ ಹಾಗಿದೆ. ಆದರೆ ಯಾವುದರ ಮೇಲೆ 18? ಯಾವ ವರ್ಷಕ್ಕೆ ಹೋಲಿಸಿ? ಮಾಲು ಅಷ್ಟೇ ಹೋಗಿತ್ತಾ? ಇಳಿದದ್ದು ಇವನಿಂದಲಾ?

ಇದನ್ನು ಕೇಳುವಾಗ ಹಳೆ ಕಂಪನಿಯ ಬಿಲ್ಲು, ದರಪಟ್ಟಿ ಕಳಿಸಿ ಅಂತ ಮಾತ್ರ ಕೇಳಬೇಡಿ. ಅದು ಅವರ ಗುಟ್ಟು. ಕೇಳಿದ ತಕ್ಷಣ ವಾಟ್ಸಾಪಿನಲ್ಲಿ ಕಳಿಸುವವರು ನಾಳೆ ನಿಮ್ಮದನ್ನೂ ಕಳಿಸುತ್ತಾರೆ, ಅಲ್ವಾ? ಅದರ ಬದಲು ಹೀಗೆ ಕೇಳಿ: "ಹಿಂದಿನ ವರ್ಷದ್ದನ್ನು 100 ಅಂತ ಇಟ್ಕೊಳ್ಳಿ. ಆಮೇಲೆ ಬಾಡಿಗೆ ಬಿಲ್ ಎಷ್ಟಾಯ್ತು? ಸಾಗಿಸಿದ ಟನ್ ಎಷ್ಟಾಯ್ತು?" ಗುಟ್ಟು ಉಳಿಯುತ್ತದೆ, ಲೆಕ್ಕವೂ ಸಿಗುತ್ತದೆ.

ಹುಡುಗ ಸ್ವಲ್ಪ ಯೋಚಿಸಿ ಹೇಳಿದ. ಬಿಲ್ಲು 100 ಇದ್ದದ್ದು 82 ಆಯಿತು. ಟನ್ 100 ಇದ್ದದ್ದು ಸುಮಾರು 85.

ಕ್ಯಾಲ್ಕುಲೇಟರ್ ತೆಗೆಯಿರಿ. ಮಾಲು 85ಕ್ಕೆ ಇಳಿದಿದ್ದರೆ, ಯಾರೂ ಏನೂ ಮಾಡದಿದ್ದರೂ ಬಿಲ್ಲು 85ಕ್ಕೆ ಇಳಿಯುತ್ತಿತ್ತು. ನಿಜವಾಗಿ ಬಂದದ್ದು 82. ಉಳಿದದ್ದು 3. 85ರಲ್ಲಿ 3 ಅಂದರೆ 3.5% ಆಯಿತು. 18% ಅನ್ನುವುದರ ಬಹುಪಾಲು ವ್ಯಾಪಾರ ಕಡಿಮೆಯಾದದ್ದರ ಲೆಕ್ಕ.

ಇಲ್ಲಿಗೇ ನಿಲ್ಲಿಸಬೇಡಿ. ಆ 3.5% ಆದರೂ ಎಲ್ಲಿಂದ ಬಂತು? ಟನ್ನಿಗೆ ಬಾಡಿಗೆ ದೂರದ ಮೇಲೆ ನಿಂತಿದೆ. ದೂರದ ಗಿರಾಕಿ ಬಿಟ್ಟುಹೋದರೆ ಸರಾಸರಿ ತಾನಾಗಿಯೇ ಇಳಿಯುತ್ತದೆ. ಕೇಳಿದೆ. ಹೌದು, ಬೆಳಗಾವಿ ಕಡೆ ಹೋಗುತ್ತಿದ್ದ ಲೋಡು ಆ ವರ್ಷ ನಿಂತಿತ್ತು. ಹಾಗಾದರೆ ಒಂದೇ ದಾರಿ ಹಿಡಿದು ನೋಡೋಣ ಅಂದೆ. ಬೆಂಗಳೂರಿನ ಬಾಡಿಗೆ ಟನ್ನಿಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು? "ಅದು ಬದಲಾಗಲಿಲ್ಲ ಸರ್, ಅಷ್ಟೇ ಇತ್ತು."

ಅಂದರೆ ಉಳಿತಾಯ ಸೊನ್ನೆ ಅಂತ ಬರೆದು ಮುಗಿಸಬೇಕೇ? ನಾನೂ ಪೆನ್ಸಿಲ್ ಎತ್ತಿದ್ದೆ. ಆಮೇಲೆ ನೆನಪಾಯಿತು, ಅವನು ಹೇಳುತ್ತಿರುವುದು 2025ರ ಲೆಕ್ಕ. ಆ ವರ್ಷ ಏಪ್ರಿಲ್ 1ರಂದು ರಾಜ್ಯದಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಜಾಸ್ತಿಯಾಗಿತ್ತು. ಟ್ರಾನ್ಸ್‌ಪೋರ್ಟ್‌ನವರು ಆಗ ಬಾಡಿಗೆ ಏರಿಸಿ ಅಂತ ಕೇಳದೆ ಬಿಡುವುದಿಲ್ಲ. ಬಾಡಿಗೆ ಅಷ್ಟೇ ನಿಂತಿದ್ದರೆ ಯಾರೋ ಕೂತು ಮಾತಾಡಿದ್ದಾರೆ. ಕೇಳಿದರೆ, ಮೂವರ ಜೊತೆ ಅವನೇ ಮಾತಾಡಿದ್ದ. ಬಾಡಿಗೆ ಏರಿಸದಿದ್ದರೆ ಬಿಲ್ಲನ್ನು ಬೇಗ ಪಾಸ್ ಮಾಡಿಸಿಕೊಡುತ್ತೇನೆ ಅಂತ ಮ್ಯಾನೇಜರ್ ಒಪ್ಪಿಗೆ ಪಡೆದು ಹೇಳಿದ್ದ.

ಇದು ಖರ್ಚು ಇಳಿಸಿದ್ದಲ್ಲ, ಖರ್ಚು ಏರದಂತೆ ತಡೆದದ್ದು. ಎರಡೂ ಬೇರೆ. ಮೊದಲನೆಯದು ಬಿಲ್ಲಿನಲ್ಲಿ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ತಡೆದದ್ದನ್ನು ಇಳಿಸಿದ್ದು ಅಂತ ಬರೆದರೆ ಅನುಮಾನ ಪಡಬೇಕು. ಹಾಗಂತ ಅದಕ್ಕೆ ಬೆಲೆ ಇಲ್ಲ ಅಂತ ತಿಳಿಯಬಾರದು.

ಇನ್ನೂ ಒಂದು ಸಿಕ್ಕಿತು, ಅದೂ ರೆಸ್ಯೂಮೆಯ ಎರಡನೇ ಪುಟದ ಮೂಲೆಯಲ್ಲಿ. "ಅನ್‌ಲೋಡಿಂಗ್ ಸಮಯಕ್ಕಾಗಿ ಗಿರಾಕಿಗಳೊಂದಿಗೆ ಸಮನ್ವಯ." ಏನಿದು ಅಂತ ಕೇಳಿದೆ. ಮುಂಚೆ ಗಾಡಿ ಬೆಂಗಳೂರು ತಲುಪಿ ಗಿರಾಕಿಯ ಗೇಟಿನಲ್ಲಿ ಒಂದು ದಿನ ಕಾಯುತ್ತಿತ್ತು. ತಿಂಗಳಿಗೆ ಹತ್ತು ಹಾಲ್ಟಿಂಗ್ ಬಿಲ್ ಬರುತ್ತಿದ್ದವು. ಇವನು ಹಿಂದಿನ ದಿನವೇ ಗಿರಾಕಿಯಿಂದ ಇಳಿಸುವ ಹೊತ್ತು ಕೇಳಿ, ಅದಕ್ಕೆ ತಕ್ಕಂತೆ ಇಲ್ಲಿಂದ ಗಾಡಿ ಬಿಡತೊಡಗಿದ. ಬಿಲ್ಲು ಮೂರಕ್ಕೆ ಇಳಿಯಿತು. ಒಂದಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 10,500. ವರ್ಷಕ್ಕೆ 1,26,000.

ಇದೇ ನಿಜವಾದ ಪುರಾವೆ. ಮುಂಚೆ ಎಷ್ಟು, ಆಮೇಲೆ ಎಷ್ಟು, ಎಷ್ಟು ಸಲ, ಏನು ಬದಲಿಸಿದ್ದಕ್ಕೆ ಹೀಗಾಯಿತು ಅನ್ನುವ ನಾಲ್ಕೂ ಇದರಲ್ಲಿವೆ. ಹುಡುಗ ಇದನ್ನು ಮೂಲೆಗೆ ತಳ್ಳಿ, ನಿಲ್ಲದ 18% ಅನ್ನು ಮೇಲೆ ಕೂರಿಸಿದ್ದ.

ಕೊನೆಗೆ ಇನ್ನೊಂದು ಪ್ರಶ್ನೆ ಬಿಡಬೇಡಿ: "ಇದರಿಂದ ಬೇರೆ ಎಲ್ಲಾದರೂ ಪೆಟ್ಟು ಬಿತ್ತಾ?" ಅಗ್ಗದ ಟ್ರಾನ್ಸ್‌ಪೋರ್ಟ್ ಹಿಡಿದರೆ ಒಡಕು ಜಾಸ್ತಿಯಾಗಬಹುದು. ಸ್ಟಾಕ್ ಇಳಿಸಿದರೆ ಮಾಲಿಲ್ಲದೆ ಆರ್ಡರ್ ಕೈ ತಪ್ಪಬಹುದು. ಹುಡುಗ ಹೇಳಿದ, ಹೊತ್ತು ಕಾಯುವುದರಿಂದ ಕೆಲವು ಗಾಡಿ ರಾತ್ರಿ ಬದಲು ಬೆಳಗಿನ ಜಾವ ಹೊರಡಬೇಕಾಯಿತು, ಲೋಡಿಂಗ್ ಹಮಾಲರು ಗೊಣಗಿದರು. ಇಂಥ ಉತ್ತರ ಬಂದರೆ ಕೆಲಸ ನಡೆದಿದೆ ಅನ್ನಿ. ಎಲ್ಲಾ ಲಾಭವೇ ಆಯಿತು ಅಂದರೆ ಮತ್ತೊಂದು ಪ್ರಶ್ನೆ ಕೇಳಿ.

## ಹಂತ 6: ಮೊದಲು ಪೆನ್ಸಿಲ್ ಅಂಕ, ಫೋನ್ ಆದ ಮೇಲೆ ಪೆನ್ನಿನ ಅಂಕ

ಪ್ರತಿ ಬೇಡಿಕೆಗೆ 0ಯಿಂದ 3. ಏನೂ ಇಲ್ಲದಿದ್ದರೆ 0. ಬರೀ ಪದ ಅಥವಾ ಬುಡವಿಲ್ಲದ ಅಂಕಿ ಇದ್ದರೆ 1. ಮಾಡಿದ ಕೆಲಸ ವಿವರವಾಗಿ ಇದ್ದರೆ 2. ಕೆಲಸದ ಜೊತೆ ಪರೀಕ್ಷಿಸಬಹುದಾದ ಫಲವೂ ಇದ್ದರೆ, ಅಥವಾ ತೊಂದರೆ ಬಂದಾಗ ಹೇಗೆ ಬಿಡಿಸಿದರು ಅನ್ನುವುದೂ ಇದ್ದರೆ 3.

ಕಾಗದ ನೋಡಿ ಹಾಕಿದ ಅಂಕ ಪೆನ್ಸಿಲಿನಲ್ಲಿರಲಿ. ಸಾಫ್ಟ್‌ವೇರ್, ವೆಂಡರ್, ಉಳಿತಾಯದ ಕ್ರಮದಲ್ಲಿ ಹುಡುಗನಿಗೆ 1, 2, 1 ಹಾಕಿದ್ದೆ. ಚಳ್ಳಕೆರೆಯವರಿಗೆ 2, 1, 0. ಹನ್ನೆರಡು ಹದಿನೈದು ನಿಮಿಷದ ಫೋನ್ ಆದ ಮೇಲೆ ಪೆನ್ನಿನಲ್ಲಿ ಹುಡುಗನಿಗೆ 1, 3, 2 ಆಯಿತು. 18% ನಿಲ್ಲಲಿಲ್ಲ, ಹಾಲ್ಟಿಂಗ್ ಲೆಕ್ಕ ನಿಂತಿತು. ಆದರೂ ಅದನ್ನು ನಾನು ಕೇಳಿ ಹೊರಗೆಳೆಯಬೇಕಾಯಿತು, ಅವನ ಮಾತು ಬಿಟ್ಟು ಬೇರೆ ತಾಳೆ ಇನ್ನೂ ಇಲ್ಲ. ಅದಕ್ಕೆ 3 ಹಾಕಲಿಲ್ಲ. ಚಳ್ಳಕೆರೆಯವರಿಗೆ 3, 2, 1. ಉಳಿತಾಯದ ಒಂದು ಅಂಕ ಬಂದದ್ದು ಎರಡು ಸಲ ಹಾಕಿದ್ದ ಒಂದೇ ಬಿಲ್ಲನ್ನು ಹಿಡಿದೆ ಅಂದದ್ದಕ್ಕೆ. ಮೊತ್ತ ಅವರಿಗೆ ನೆನಪಿರಲಿಲ್ಲ.

ವೆಂಡರ್‌ಗೆ 4, ಉಳಿದ ಎರಡಕ್ಕೆ 3ರಂತೆ ತೂಕ ಕೊಟ್ಟು ಶೀಟಿನಲ್ಲಿ ಹೀಗೆ ಹಾಕಿದೆ. B ಕಾಲಂ ಸಾಫ್ಟ್‌ವೇರ್, C ವೆಂಡರ್, D ಉಳಿತಾಯ.

```
=IF(OR(B2<2,C2<1),"ತಡೆ",B2*3+C2*4+D2*3)
```

ಗೆರೆ ಇಲ್ಲದೆ ಬರೀ ಕೂಡಿಸಿದ್ದರೆ ಹುಡುಗನಿಗೆ 30ಕ್ಕೆ 21, ಚಳ್ಳಕೆರೆಯವರಿಗೆ 20. ಒಂದು ಅಂಕದ ಅಂತರಕ್ಕೆ ಅರ್ಥವೇ ಇಲ್ಲ. ನಾನು ಬೆಳಿಗ್ಗೆ ಕೂತಿದ್ದರೆ ಒಂದು, ಊಟ ಆದ ಮೇಲೆ ಕೂತಿದ್ದರೆ ಇನ್ನೊಂದು ಬರುತ್ತಿತ್ತು. ಮೊದಲೇ ಹಾಕಿದ್ದ ಗೆರೆ ಕೆಲಸಕ್ಕೆ ಬಂದದ್ದು ಇಲ್ಲೇ. ಸಾಫ್ಟ್‌ವೇರಿನಲ್ಲಿ 1 ಇರುವುದರಿಂದ ಹುಡುಗನ ಮುಂದೆ "ತಡೆ" ಬಂತು.

ಒಂದು ಎಚ್ಚರ. ಈ ಗೆರೆಯನ್ನು ಪೆನ್ಸಿಲ್ ಅಂಕಕ್ಕೆ ಹಾಕಬೇಡಿ. ಬರೆಯಲು ಬಾರದವರು ಎಲ್ಲರೂ ಕಾಗದದ ಮೇಲೆಯೇ ಸೋಲುತ್ತಾರೆ. ಎಷ್ಟೋ ಸಲ ಗೋಡೌನಿಗೆ ಬೇಕಾದವರು ಅವರೇ ಆಗಿರುತ್ತಾರೆ.

## ಹಂತ 7: ಅರ್ಧ ದಿನ ಗೋಡೌನಿನಲ್ಲಿ

ಚಳ್ಳಕೆರೆಯವರನ್ನು ಒಂದು ಶನಿವಾರ ಕರೆದೆವು. ಅರ್ಧ ದಿನದ ಸಂಬಳ, ಬಸ್ ಚಾರ್ಜು ಕೊಟ್ಟೆವು. ಪುಕ್ಕಟೆ ಮಾಡಿಸಬೇಡಿ, ಅದು ಸರಿಯಲ್ಲ. ಹತ್ತು ಐಟಂಗಳ ಪುಸ್ತಕದ ಲೆಕ್ಕ ಕೈಗೆ ಕೊಟ್ಟು ಎಣಿಸಲು ಹೇಳಿದೆವು. ಎರಡರಲ್ಲಿ ವ್ಯತ್ಯಾಸ ಇರುವುದು ಮೇಸ್ತ್ರಿಗೆ ಮೊದಲೇ ಗೊತ್ತಿತ್ತು. ಇವರು ಮೂರು ಹಿಡಿದರು. ಮೂರನೆಯದು ನಮಗೇ ಗೊತ್ತಿರಲಿಲ್ಲ. ಸಾಹುಕಾರ್ರು ಲಾರಿ ಕೆಲಸ ಮೂರು ತಿಂಗಳಲ್ಲಿ ಕಲಿಸಿಕೊಳ್ಳೋಣ ಅಂದರು.

ಹುಡುಗನಿಗೆ ನಾನೇ ಫೋನ್ ಮಾಡಿ, ಈ ಕೆಲಸಕ್ಕೆ ಸ್ಟಾಕ್ ಎಂಟ್ರಿ ಬೇಕಿತ್ತು, ಅದೊಂದೇ ಕಾರಣ ಅಂತ ಹೇಳಿದೆ. 18% ತೆಗೆದು ಹಾಲ್ಟಿಂಗ್ ಸಾಲನ್ನು ಮೊದಲ ಪುಟಕ್ಕೆ ತಂದುಕೊಳ್ಳಪ್ಪಾ ಅಂದೆ. "ಸರ್, ಅದು ಸಣ್ಣ ಕೆಲಸ ಅಂತ ಕೆಳಗೆ ಹಾಕಿದ್ದೆ" ಅಂದ.